ಆರು ಲಕ್ಷದ ಪತ್ರ, ಅಪ್ಪನ ಲೆಕ್ಕ

ಕಾಲೇಜಿನ ಕೊನೆಯ ಸೆಮಿಸ್ಟರಿನಲ್ಲಿ ಕ್ಯಾಂಪಸ್ ಸಂದರ್ಶನ ಮುಗಿದು ಆಫರ್ ಲೆಟರ್ ಕೈಗೆ ಬಂತೆಂದರೆ, ಮಕ್ಕಳು ಮೊದಲು ಮಾಡುವುದು ಅದರ ಫೋಟೋ ತೆಗೆದು ಮನೆಗೆ ಕಳಿಸುವ ಕೆಲಸ. ಆ ಫೋಟೋದಲ್ಲಿ ಇರುವುದು ಸಾಮಾನ್ಯವಾಗಿ ಪತ್ರದ ಮೊದಲ ಪುಟ ಮಾತ್ರ. ಮೇಲೆ ಕಂಪನಿಯ ಲಾಂಛನ, ಕೆಳಗೆ ಮಗಳ ಹೆಸರು, ಹುದ್ದೆ, ಸೇರಬೇಕಾದ ದಿನಾಂಕ, ನಡುವೆ ದಪ್ಪಕ್ಷರದಲ್ಲಿ ಒಂದು ಮೊತ್ತ: ವರ್ಷಕ್ಕೆ 6,00,000 ರೂಪಾಯಿ. ಇಂಗ್ಲಿಷ್ ಓದಲು ಬಾರದ ಅಪ್ಪನಿಗೂ ಅಂಕಿ ಓದಲು ಬರುತ್ತದೆ. ಹನ್ನೆರಡರಿಂದ ಭಾಗಿಸಲು ಕಾಗದವೂ ಬೇಕಿಲ್ಲ.

"ತಿಂಗಳಿಗೆ ಐವತ್ತ ಸಾವಿರ ಆತಲ್ಲವ್ವಾ?" ಎಂದು ಹಾವೇರಿ ಕಡೆಯ ಅಪ್ಪ ಫೋನಿನಲ್ಲಿ ಕೇಳುತ್ತಾನೆ. ಅಷ್ಟರಲ್ಲಿ ಮನೆಯ ಲೆಕ್ಕ ಓಡಲು ಶುರುವಾಗಿರುತ್ತದೆ. ಶಿಕ್ಷಣ ಸಾಲದ ಕಂತಿಗೆ ಇಷ್ಟು, ಬೆಂಗಳೂರಿನ ಪಿ.ಜಿ. ಬಾಡಿಗೆಗೆ ಇಷ್ಟು, ತಮ್ಮನ ಡಿಪ್ಲೊಮಾ ಫೀಸಿಗೆ ಇಷ್ಟು, ಉಳಿದದ್ದರಲ್ಲಿ ಮನೆಯ ಮೇಲ್ಛಾವಣಿಗೆ ಶೀಟು. ಮೊದಲ ಸಂಬಳ ಬಂದ ದಿನ ಬ್ಯಾಂಕಿನ ಮೆಸೇಜಿನಲ್ಲಿ 36,800 ಎಂದು ಕಂಡಾಗ ಕಂಪನಿ ಮೋಸ ಮಾಡಿತೆಂದು ಅಪ್ಪ ಗಾಬರಿಯಾಗುತ್ತಾನೆ. ಮಗಳು ಏನೋ ಮುಚ್ಚಿಡುತ್ತಿದ್ದಾಳೆಂಬ ಅನುಮಾನವೂ ಕೆಲವು ಮನೆಗಳಲ್ಲಿ ಹುಟ್ಟುತ್ತದೆ. ನಿಜದಲ್ಲಿ ಎರಡೂ ಆಗಿರುವುದಿಲ್ಲ. ಕಂಪನಿಗೆ ಒಬ್ಬ ಉದ್ಯೋಗಿಯಿಂದ ವರ್ಷಕ್ಕೆ ಬೀಳುವ ಖರ್ಚನ್ನು ಮೊದಲ ಪುಟ ಹೇಳುತ್ತದೆ. ಮನೆಯವರಿಗೆ ಬೇಕಾದದ್ದು ತಿಂಗಳ ಕೊನೆಗೆ ಕೈಗೆ ಬರುವ ಹಣ. ಅದು ಇರುವುದು ಯಾರೂ ಫೋಟೋ ತೆಗೆಯದ ಕೊನೆಯ ಪುಟದಲ್ಲಿ.

ಆಫರ್ ಲೆಟರನ್ನು ಮನೆಯವರಿಗೆ ಕನ್ನಡದಲ್ಲಿ ಓದಿ ಹೇಳುವವರು ಮಗಳೇ ಇರಬಹುದು, ಅಣ್ಣನಿರಬಹುದು, ಊರಿನ ಮೇಷ್ಟರಿರಬಹುದು. ಅವರು ಸಾಲಿಗೆ ಸಾಲು ಕನ್ನಡ ಮಾಡಿ ಓದಿದರೆ ಅಪ್ಪನಿಗೆ ಹೆಚ್ಚೇನೂ ತಿಳಿಯುವುದಿಲ್ಲ. ತಿಂಗಳಿಗೆ ಎಷ್ಟು ರೂಪಾಯಿ, ಬಿಡಬೇಕೆಂದರೆ ಎಷ್ಟು ದಿನ, ಆಸ್ಪತ್ರೆ ಖರ್ಚು ಯಾರಿಗೆ ಸಿಗುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರ ಹುಡುಕಿ ಹೇಳಿದರೆ ಪತ್ರದ ತಿರುಳು ತಿಳಿದಂತೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಯಾವುದೇ ಒಂದು ಕಂಪನಿಯ ಪತ್ರವಲ್ಲ. ಬೆಂಗಳೂರಿನ ಖಾಸಗಿ ಕಂಪನಿಗಳು ಹೊಸಬರಿಗೆ ಕೊಡುವ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳನ್ನು ಸೇರಿಸಿ ಮಾಡಿಕೊಂಡ ಮಾದರಿ.

ಫೋಟೋದಲ್ಲಿ ಬಿಟ್ಟುಹೋದದ್ದು

ಓದಲು ಕೂರುವ ಮೊದಲು ಪತ್ರ ಪೂರ್ತಿ ಇದೆಯೇ ಎಂದು ನೋಡಬೇಕು. ಪುಟದ ಅಡಿಯಲ್ಲಿ ಸಾಮಾನ್ಯವಾಗಿ ಒಟ್ಟು ಆರರಲ್ಲಿ ಇದು ಒಂದನೆಯ ಪುಟ ಎಂಬಂಥ ಸಂಖ್ಯೆ ಇರುತ್ತದೆ. ಆರೂ ಪುಟಗಳು ಬಂದಿರಬೇಕು. ಸಂಬಳದ ವಿವರ ಇರುವ ಹಾಳೆಗೆ ಅನೆಕ್ಷರ್ ಎಂದು ಹೆಸರು, ಅಂದರೆ ಅನುಬಂಧ. ಅದೇ ಪತ್ರದ ಜೀವ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ, ಅನುಬಂಧದ ಸಣ್ಣ ಅಕ್ಷರಗಳು ಮಸುಕಾಗುತ್ತವೆ. 3 ಮತ್ತು 8 ಒಂದೇ ತರಹ ಕಾಣುತ್ತವೆ. ಕಂಪನಿ ಇಮೇಲಿನಲ್ಲಿ ಕಳಿಸಿದ ಪಿಡಿಎಫ್ ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದರೆ ಈ ತೊಂದರೆ ಇರುವುದಿಲ್ಲ. ಕಾಗದದ ಫೋಟೋವೇ ತೆಗೆಯಬೇಕಾದರೆ ಅಂಚು ಕತ್ತರಿಸದೆ, ಪುಟದ ತಳದವರೆಗೂ ಬರುವಂತೆ ತೆಗೆಯಬೇಕು. ಕೋಷ್ಟಕದ ಯಾವುದಾದರೂ ಮೊತ್ತದ ಪಕ್ಕ ಚಿಕ್ಕ ನಕ್ಷತ್ರದ ಗುರುತು ಇದ್ದರೆ ಅದರ ಷರತ್ತು ಪುಟದ ತಳದಲ್ಲಿರುತ್ತದೆ. ಫೋಟೋದಲ್ಲಿ ಮೊದಲು ತುಂಡಾಗುವುದೂ ಅದೇ ಭಾಗ. ಕುಟುಂಬದ ಗ್ರೂಪಿಗೆ ಹಾಕುವ ಮೊದಲು ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳನ್ನು ಮುಚ್ಚುವುದು ಒಳ್ಳೆಯದು.

ಐವತ್ತು ಸಾವಿರ ಮೂವತ್ತಾರು ಸಾವಿರದ ಎಂಟುನೂರಾದದ್ದು ಹೇಗೆ

ಮೊದಲ ಪುಟದ 6,00,000ಕ್ಕೆ ಪತ್ರದಲ್ಲಿ ಸಿಟಿಸಿ ಎಂಬ ಹೆಸರಿದೆ. ಕಾಸ್ಟ್ ಟು ಕಂಪನಿ, ಅಂದರೆ ಕಂಪನಿಗೆ ಬೀಳುವ ಒಟ್ಟು ಖರ್ಚು. ನಮ್ಮ ಮಾದರಿ ಪತ್ರದ ಅನುಬಂಧದಲ್ಲಿ ಅದನ್ನು ಹೀಗೆ ಹಂಚಿದ್ದಾರೆ: ತಿಂಗಳಿಗೆ ಮೂಲ ವೇತನ 25,000, ಮನೆ ಬಾಡಿಗೆ ಭತ್ಯೆ 10,000, ವಿಶೇಷ ಭತ್ಯೆ 5,000. ಈ ಮೂರೂ ಸೇರಿ 40,000. ತಿಂಗಳು ತಿಂಗಳು ಖಚಿತವಾಗಿ ಸಿಗುವ ಸಂಬಳ ಇದೇ. ವರ್ಷಕ್ಕೆ 4,80,000.

ಉಳಿದ 1,20,000 ಎಲ್ಲಿ ಹೋಯಿತು? ಅದರಲ್ಲಿ 60,000 ವೇರಿಯಬಲ್ ಪೇ. ಕೆಲಸದ ಸಾಧನೆ ಮತ್ತು ಕಂಪನಿಯ ಲಾಭ ನೋಡಿ, ವರ್ಷದ ಕೊನೆಗೆ ಕೊಡಬಹುದಾದ ಹಣ ಇದು. 36,000 ಕಂಪನಿ ತನ್ನ ಪಾಲಿನಿಂದ ಭವಿಷ್ಯನಿಧಿಗೆ ಕಟ್ಟುವ ಹಣ, ಅಂದರೆ ಮೂಲ ವೇತನದ ಶೇ. 12. ಗ್ರಾಚ್ಯುಟಿಗೆ 14,430, ಅದು ಮೂಲ ವೇತನದ ಶೇ. 4.81. ಕೊನೆಗೆ 9,570 ಆರೋಗ್ಯ ವಿಮೆಯ ಕಂತು. ಈ ನಾಲ್ಕರಲ್ಲಿ ಒಂದೂ ತಿಂಗಳ ಸಂಬಳದ ಜೊತೆ ಬ್ಯಾಂಕಿಗೆ ಬರುವುದಿಲ್ಲ.

ಖಚಿತ ಸಂಬಳದ 40,000ದಿಂದಲೂ ಎರಡು ಕಡಿತಗಳಿವೆ. ಉದ್ಯೋಗಿಯ ಪಾಲಿನ ಭವಿಷ್ಯನಿಧಿ 3,000. ಕರ್ನಾಟಕದ ವೃತ್ತಿ ತೆರಿಗೆ 200. ತಿಂಗಳಿಗೆ 25,000 ಮತ್ತು ಮೇಲ್ಪಟ್ಟು ಸಂಬಳ ಇರುವವರಿಂದ ಈ ತೆರಿಗೆ ಮುರಿಯುತ್ತಾರೆ. 2025ರ ಏಪ್ರಿಲ್‌ನಿಂದ ಫೆಬ್ರುವರಿ ತಿಂಗಳಲ್ಲಿ ಮಾತ್ರ 200ರ ಬದಲು 300. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ಆದಾಯ ತೆರಿಗೆ ಬರುವುದಿಲ್ಲ, ಹಾಗಾಗಿ ಈ ಪತ್ರದಲ್ಲಿ ಆ ಭಾರ ಇಲ್ಲ. 40,000ದಲ್ಲಿ 3,200 ಕಳೆದರೆ 36,800.

"ಮತ್ತ ಆ ಪಿ.ಎಫ್. ರೊಕ್ಕ ಹೋತೇನು?" ಎಂದು ಅಪ್ಪ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅದು ಎಲ್ಲೂ ಹೋಗಿಲ್ಲ. ಮಗಳ 3,000, ಕಂಪನಿಯ 3,000 ಎರಡೂ ಸೇರಿ ತಿಂಗಳಿಗೆ 6,000 ಅವಳ ಹೆಸರಿನ ಖಾತೆಯಲ್ಲಿ ಬಡ್ಡಿ ಸಮೇತ ಬೆಳೆಯುತ್ತದೆ. 2024-25ನೇ ಸಾಲಿಗೆ ಕೊಟ್ಟ ಬಡ್ಡಿ ಶೇ. 8.25. ಕಂಪನಿ ನಿಜವಾಗಿ ಕಟ್ಟುತ್ತಿದೆಯೇ ಎಂದು ತಿಳಿಯಲು ಕಂಪನಿಯನ್ನೇ ನಂಬಿ ಕೂರಬೇಕಿಲ್ಲ. ಸೇರಿದ ಮೇಲೆ ಸಿಗುವ ಯುಎಎನ್ ಎಂಬ 12 ಅಂಕಿಗಳ ಸಂಖ್ಯೆ ಹಾಕಿ, ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದರೆ ತಿಂಗಳವಾರು ಜಮೆ ಕಾಣುತ್ತದೆ. ಸಂಬಳದ ಚೀಟಿಯಲ್ಲಿ ಕಡಿತ ತೋರಿಸಿ ಪಾಸ್‌ಬುಕ್‌ನಲ್ಲಿ ಎರಡು ಮೂರು ತಿಂಗಳಾದರೂ ಜಮೆ ಕಾಣದಿದ್ದರೆ ಆಗ ಅನುಮಾನ ಪಡಬೇಕು.

ಕೆಲವು ಕಂಪನಿಗಳು ಭವಿಷ್ಯನಿಧಿಯನ್ನು 15,000 ರೂಪಾಯಿ ವೇತನದ ಮಿತಿಗೆ ನಿಲ್ಲಿಸುತ್ತವೆ. ಆಗ ಎರಡೂ ಕಡೆಯ ಪಾಲು ತಲಾ 1,800. ಮಗಳ ಕೈಗೆ ಬರುವ ಸಂಬಳ ಹೆಚ್ಚುತ್ತದೆ, ಉಳಿತಾಯ ಕಡಿಮೆಯಾಗುತ್ತದೆ. ಎರಡು ಕಂಪನಿಗಳ ಪತ್ರಗಳನ್ನು ಹೋಲಿಸುವಾಗ ಈ ವ್ಯತ್ಯಾಸ ಗಮನಕ್ಕೆ ಬಾರದೆ, ಒಂದು ಕಡೆ ಸಂಬಳ ಜಾಸ್ತಿ ಎಂದು ಅನಿಸುವುದುಂಟು.

ಗ್ರಾಚ್ಯುಟಿಯ ವಿಷಯ ಬೇರೆ. ಅದು ಕಾಗದದ ಮೇಲೆ ಪ್ರತಿವರ್ಷ ಸಂಬಳದ ಭಾಗವಾಗಿ ಕಂಡರೂ, ಕಾಯಂ ಉದ್ಯೋಗಿಗೆ ಕಾನೂನಿನಂತೆ ಸಿಗುವುದು ಒಂದೇ ಕಡೆ ಐದು ವರ್ಷ ಪೂರೈಸಿದ ಮೇಲೆ. ಕೊನೆಯ ವೇತನದ 26ನೇ 15 ಭಾಗವನ್ನು ಸೇವೆಯ ವರ್ಷಗಳಿಂದ ಗುಣಿಸಿ ಕೊಡುತ್ತಾರೆ. 25,000 ಮೂಲ ವೇತನಕ್ಕೆ ಐದು ವರ್ಷಕ್ಕೆ ಸುಮಾರು 72,100 ರೂಪಾಯಿ. ಮೂರನೇ ವರ್ಷಕ್ಕೆ ಕೆಲಸ ಬದಲಿಸಿದರೆ, ಪತ್ರದಲ್ಲಿ ಮೂರು ವರ್ಷ ಎಣಿಸಿದ 43,290 ರೂಪಾಯಿ ಅವಳ ಪಾಲಿಗೆ ಬರುವುದಿಲ್ಲ. ನಿಗದಿತ ಅವಧಿಯ ಗುತ್ತಿಗೆಯ ಮೇಲೆ ನೇಮಕವಾದವರಿಗೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಕೊಟ್ಟಿದೆ. ಹಾಗಾಗಿ ನೇಮಕ ಕಾಯಮ್ಮೋ ನಿಗದಿತ ಅವಧಿಯದ್ದೋ ಎಂಬ ಸಾಲನ್ನು ಹುಡುಕಿ ಓದಬೇಕು.

ಇನ್ನು ವೇರಿಯಬಲ್ ಪೇ. ಅದರ ಷರತ್ತಿನಲ್ಲಿ ಮೂರು ಅಂಶಗಳನ್ನು ನೋಡಬೇಕು. ಮೊದಲನೆಯದು, 60,000 ಎಂಬುದು ಗರಿಷ್ಠ ಮೊತ್ತವೇ, ಗುರಿ ಮುಟ್ಟಿದರೆ ಖಚಿತವಾಗಿ ಸಿಗುವುದೇ. ಎರಡನೆಯದು, ತೀರ್ಮಾನ ಆಡಳಿತದ ವಿವೇಚನೆಗೆ ಬಿಟ್ಟದ್ದು ಎಂಬ ಮಾತು ಇದೆಯೇ. ಮೂರನೆಯದು, ಹಣ ಕೊಡುವ ದಿನ ಉದ್ಯೋಗಿ ಕೆಲಸದಲ್ಲಿ ಇರಬೇಕು, ರಾಜೀನಾಮೆ ಕೊಟ್ಟಿರಬಾರದು ಎಂಬ ಸಾಲಿದೆಯೇ. ಈ ಕೊನೆಯ ಸಾಲು ಇದ್ದರೆ, ವರ್ಷಪೂರ್ತಿ ದುಡಿದು ಮಾರ್ಚ್ ಕೊನೆಗೆ ರಾಜೀನಾಮೆ ಕೊಟ್ಟವರಿಗೆ ಜೂನ್‌ನಲ್ಲಿ ಹಂಚುವ ಹಣ ಸಿಗದೇ ಹೋಗಬಹುದು. ಮನೆಯ ಲೆಕ್ಕದಲ್ಲಿ ವೇರಿಯಬಲ್ ಹಣವನ್ನು ಸೊನ್ನೆ ಎಂದೇ ಇಟ್ಟುಕೊಳ್ಳುವುದು ಜಾಣತನ. ಬಂದರೆ ಸಾಲಕ್ಕೆ ಹೆಚ್ಚುವರಿ ಕಟ್ಟಬಹುದು.

ಈಗ ಅಪ್ಪನ ಲೆಕ್ಕಕ್ಕೆ ಹೋಗೋಣ. ಸಾಲದ ಕಂತು 9,500, ಪಿ.ಜಿ.ಗೆ ಊಟ ಸೇರಿ 11,000 ಎಂದಿಟ್ಟುಕೊಂಡರೆ, ಐವತ್ತು ಸಾವಿರದ ಲೆಕ್ಕದಲ್ಲಿ 29,500 ಉಳಿಯಬೇಕಿತ್ತು. ನಿಜದಲ್ಲಿ ಉಳಿಯುವುದು 16,300. ಅದರಲ್ಲೇ ಬಸ್ಸು, ಫೋನು, ಬಟ್ಟೆ, ಊರಿಗೆ ಹೋಗಿಬರುವ ಖರ್ಚು. ಮೇಲ್ಛಾವಣಿಯ ಶೀಟನ್ನು ಈ ವರ್ಷ ಹಾಕಿಸುವುದೋ ಮುಂದಿನ ವರ್ಷವೋ ಎಂಬುದು ಈ 13,200 ರೂಪಾಯಿಯ ವ್ಯತ್ಯಾಸದ ಮೇಲೆ ನಿಂತಿದೆ.

ತೊಂಬತ್ತು ದಿನದ ಷರತ್ತು

ಪತ್ರದ ಮೂರನೆಯೋ ನಾಲ್ಕನೆಯೋ ಪುಟದಲ್ಲಿ ನೋಟಿಸ್ ಪೀರಿಯಡ್ ಎಂಬ ಉಪಶೀರ್ಷಿಕೆ ಇರುತ್ತದೆ. ಕೆಲಸ ಬಿಡುತ್ತೇನೆಂದು ಬರೆದುಕೊಟ್ಟ ದಿನದಿಂದ ಇನ್ನೂ ಎಷ್ಟು ದಿನ ದುಡಿಯಬೇಕು ಎಂಬುದು ಇದರ ಅರ್ಥ. ನಮ್ಮ ಮಾದರಿ ಪತ್ರದಲ್ಲಿ ಪರೀಕ್ಷಾರ್ಥ ಅವಧಿಯಲ್ಲಿ 30 ದಿನ, ಕಾಯಂ ಆದ ಮೇಲೆ 90 ದಿನ.

ಪರೀಕ್ಷಾರ್ಥ ಅವಧಿ ಆರು ತಿಂಗಳು ಎಂದು ಬರೆದಿದ್ದರೂ ಅದರ ಮುಂದಿನ ವಾಕ್ಯ ಓದಬೇಕು. ಕಂಪನಿ ಲಿಖಿತವಾಗಿ ದೃಢೀಕರಿಸುವವರೆಗೆ ಅವಧಿ ಮುಂದುವರಿಯುತ್ತದೆ ಎಂದಿದ್ದರೆ, ಏಳನೇ ತಿಂಗಳಲ್ಲೂ ಅವಳು ಪರೀಕ್ಷಾರ್ಥಿಯೇ. ಕಂಪನಿ ಪತ್ರ ಕೊಡುವುದನ್ನು ಮರೆತರೆ ಮಗಳೇ ನೆನಪಿಸಿ ಇಮೇಲ್ ಬರೆಯಬೇಕು.

ತೊಂಬತ್ತು ದಿನ ಏಕೆ ಹೊರೆಯಾಗುತ್ತದೆ ಎಂಬುದು ಎರಡನೇ ಕೆಲಸ ಹುಡುಕುವಾಗ ಗೊತ್ತಾಗುತ್ತದೆ. ಹೊಸ ಕಂಪನಿ ಒಂದು ತಿಂಗಳಲ್ಲಿ ಬನ್ನಿ ಎನ್ನುತ್ತದೆ, ಹಳೆಯದು ಮೂರು ತಿಂಗಳು ಬಿಡುವುದಿಲ್ಲ. ಆಗ ಉಳಿದ ದಿನಗಳ ಸಂಬಳವನ್ನು ಕಂಪನಿಗೆ ಕಟ್ಟಿ ಬೇಗ ಹೊರಬರುವ ದಾರಿ ಇದೆಯೇ ಎಂದು ಪತ್ರದಲ್ಲಿ ಹುಡುಕಬೇಕು. ಉದ್ಯೋಗದಲ್ಲಿರುವವರು ಅದನ್ನು ಬೈಔಟ್ ಎನ್ನುತ್ತಾರೆ. ಆ ವಾಕ್ಯ ಎರಡು ರೀತಿ ಇರಬಹುದು. ಯಾವ ಕಡೆಯವರು ಬೇಕಾದರೂ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡಬಹುದು ಎಂದಿದ್ದರೆ ಮಗಳಿಗೂ ಆ ಆಯ್ಕೆ ಇದೆ. ನೋಟಿಸಿನ ಬದಲು ಹಣ ಸ್ವೀಕರಿಸುವುದು ಕಂಪನಿಯ ವಿವೇಚನೆ ಎಂದಿದ್ದರೆ ಆಯ್ಕೆ ಕಂಪನಿಯದ್ದು ಮಾತ್ರ. ಅವಳು ಹಣ ಕಟ್ಟಲು ಸಿದ್ಧಳಿದ್ದರೂ ಅವರು ಒಪ್ಪಲೇಬೇಕೆಂದಿಲ್ಲ.

ಮೊತ್ತವನ್ನು ಯಾವುದರ ಮೇಲೆ ಎಣಿಸುತ್ತಾರೆ ಎಂಬುದೂ ದೊಡ್ಡ ಮಾತು. ಮೂಲ ವೇತನದ ಮೇಲಾದರೆ ಮೂರು ತಿಂಗಳಿಗೆ 75,000. ಒಟ್ಟು ಸಂಬಳದ ಮೇಲಾದರೆ 1,20,000. ಒಂದೇ ಷರತ್ತಿನ ಎರಡು ಓದಿಗೆ 45,000 ರೂಪಾಯಿ ವ್ಯತ್ಯಾಸ. ಪತ್ರದಲ್ಲಿ ಬರೀ ಸಂಬಳ ಎಂದಿದ್ದು ಯಾವ ಸಂಬಳವೆಂದು ಹೇಳದಿದ್ದರೆ ಸಹಿ ಮಾಡುವ ಮೊದಲೇ ಕೇಳಿ ಉತ್ತರವನ್ನು ಇಮೇಲಿನಲ್ಲಿ ಪಡೆದುಕೊಳ್ಳಬೇಕು.

ಕಂಪನಿಯೇ ಕೆಲಸದಿಂದ ತೆಗೆದರೆ? ಹಲವು ಪತ್ರಗಳಲ್ಲಿ ಉದ್ಯೋಗಿಗೆ 90 ದಿನ, ಕಂಪನಿಗೆ 30 ದಿನ ಎಂಬ ಅಸಮತೋಲನ ಇರುತ್ತದೆ. ಇಲ್ಲಿ ರಾಜ್ಯದ ಕಾನೂನು ಒಂದು ಕನಿಷ್ಠ ರಕ್ಷಣೆ ಕೊಡುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ, ಆರು ತಿಂಗಳು ನಿರಂತರ ಸೇವೆ ಸಲ್ಲಿಸಿದ ಉದ್ಯೋಗಿಯನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿನ ವೇತನ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ಸಾಬೀತಾದ ಪ್ರಕರಣಗಳ ನಿಯಮ ಬೇರೆ. ಕೆಲಸ ಬಿಟ್ಟವರಿಗೂ ತೆಗೆಯಲ್ಪಟ್ಟವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ಈಗ ಜಾರಿಯಲ್ಲಿರುವ ವೇತನ ಸಂಹಿತೆ ಹೇಳುತ್ತದೆ. ಪತ್ರದಲ್ಲಿ ಅಂತಿಮ ಲೆಕ್ಕ 45 ದಿನಗಳಲ್ಲಿ ಎಂಬ ಹಳೆಯ ಸಾಲು ಇದ್ದರೆ ಅದನ್ನು ಗುರುತಿಸಿಟ್ಟುಕೊಂಡು ಕೇಳಬೇಕು.

ನೋಟಿಸ್ ಮುಗಿಸದೆ ಹೋದರೆ ಪೊಲೀಸರು ಬರುತ್ತಾರೆಂಬ ಭಯ ಹಳ್ಳಿಯ ಮನೆಗಳಲ್ಲಿದೆ. ಅದು ಅಪರಾಧವಲ್ಲ, ಒಪ್ಪಂದದ ಉಲ್ಲಂಘನೆ. ಯಾರನ್ನೂ ಬಲವಂತವಾಗಿ ದುಡಿಸಲು ನ್ಯಾಯಾಲಯವೂ ಆದೇಶ ಕೊಡುವುದಿಲ್ಲ. ಆದರೆ ಬಾಕಿ ಸಂಬಳದಲ್ಲಿ ಮುರಿದುಕೊಳ್ಳುವುದು, ರಿಲೀವಿಂಗ್ ಲೆಟರ್ ತಡೆಹಿಡಿಯುವುದು ನಡೆಯುತ್ತದೆ. ಆ ಪತ್ರವಿಲ್ಲದೆ ಮುಂದಿನ ಕಂಪನಿ ಸೇರಿಸಿಕೊಳ್ಳಲು ಹಿಂದೇಟು ಹಾಕುವುದರಿಂದ ನಿಜವಾದ ಪೆಟ್ಟು ಬೀಳುವುದು ಅಲ್ಲೇ.

ಅಪ್ಪನ ಸಹಿ ಕೇಳುವ ಕಾಗದ

ಕೆಲವು ಪತ್ರಗಳ ಜೊತೆ ಸರ್ವಿಸ್ ಅಗ್ರಿಮೆಂಟ್ ಎಂಬ ಪ್ರತ್ಯೇಕ ಕಾಗದ ಇರುತ್ತದೆ. ಜನ ಅದನ್ನು ಬಾಂಡ್ ಎನ್ನುತ್ತಾರೆ. ತರಬೇತಿ ಕೊಡುತ್ತೇವೆ, ಎರಡು ವರ್ಷ ಬಿಡಬಾರದು, ಬಿಟ್ಟರೆ ಇಂತಿಷ್ಟು ಲಕ್ಷ ಕಟ್ಟಬೇಕು ಎಂಬುದು ಅದರ ಸಾರ. ಅಪ್ಪ ಅಮ್ಮಂದಿರು ಈ ಕಾಗದವನ್ನು ಉಳಿದೆಲ್ಲಕ್ಕಿಂತ ಎಚ್ಚರದಿಂದ ನೋಡಬೇಕು. ಏಕೆಂದರೆ ಕೊನೆಯಲ್ಲಿ ಜಾಮೀನುದಾರರ ಸಹಿಗೆ ಒಂದು ಜಾಗ ಇರುತ್ತದೆ, ಅಲ್ಲಿ ಅಪ್ಪನ ಹೆಸರು ಬರೆಯಲು ಹೇಳುತ್ತಾರೆ.

ಮಗಳ ಕೆಲಸಕ್ಕೆ ಒಪ್ಪಿಗೆ ಕೇಳುತ್ತಿದ್ದಾರೆ ಎಂದುಕೊಂಡು ಅಪ್ಪ ಸಹಿ ಹಾಕುತ್ತಾನೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ. ಅಂದರೆ ಮಗಳು ಕಟ್ಟಬೇಕಾದ ಹಣಕ್ಕೆ ಕಂಪನಿ ನೇರವಾಗಿ ಅಪ್ಪನನ್ನೂ ಕೇಳಬಹುದು. ಓದಿ ಹೇಳುವವರು ಈ ಒಂದು ಸಂಗತಿಯನ್ನು ಬಿಡಬಾರದು.

ಬಾಂಡ್‌ಗೆಲ್ಲ ಕಾನೂನಿನ ಬಲ ಇಲ್ಲ ಎಂದು ಹೇಳುವವರೂ ಇದ್ದಾರೆ. ಆ ಧೈರ್ಯ ಈಗ ಸರಿಯಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು 2007ರಲ್ಲಿ ಸೇರಿ, ಮೂರು ವರ್ಷ ತುಂಬುವ ಮೊದಲೇ 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಬಾಂಡಿನ 2 ಲಕ್ಷವನ್ನು ಆಕ್ಷೇಪದೊಂದಿಗೆ ಕಟ್ಟಿ ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಕೆಲಸದಲ್ಲಿರುವ ಅವಧಿಗೆ ಹಾಕಿದ ಈ ಷರತ್ತು ಉದ್ಯೋಗ ಮಾಡುವ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ ಎಂದಿತು. ಸಾರ್ವಜನಿಕ ಬ್ಯಾಂಕು ಹೊಸ ನೇಮಕಾತಿಗೆ ಮಾಡಬೇಕಾದ ಖರ್ಚನ್ನೂ ಗಮನಕ್ಕೆ ತೆಗೆದುಕೊಂಡಿತು.

ಹಾಗೆಂದು ಬಾಂಡಿನಲ್ಲಿ ಬರೆದ ಮೊತ್ತವೆಲ್ಲ ತಾನಾಗಿ ಕಂಪನಿಯ ಪಾಲಾಗುವುದಿಲ್ಲ. ಅದೇ ಕರಾರು ಕಾಯ್ದೆಯ 74ನೇ ಕಲಮಿನಂತೆ ಸಿಗಬೇಕಾದದ್ದು ಸಮಂಜಸ ಪರಿಹಾರ, ಬರೆದ ಮೊತ್ತ ಅದರ ಗರಿಷ್ಠ ಮಿತಿ. ಆದ್ದರಿಂದ ತರಬೇತಿ ಯಾವುದು, ಎಷ್ಟು ವಾರ, ಸೇವೆ ಕಳೆದಂತೆ ಮೊತ್ತ ಇಳಿಯುತ್ತದೆಯೇ ಎಂದು ಸಹಿಗೆ ಮುಂಚೆ ಕೇಳಬೇಕು. ಮೂಲ ಅಂಕಪಟ್ಟಿಗಳನ್ನು ಕಂಪನಿಯಲ್ಲಿ ಇಟ್ಟುಬರಬೇಕೆಂಬ ಷರತ್ತು ಇದ್ದರೆ ಒಪ್ಪಬಾರದು. ಪರಿಶೀಲನೆಗೆ ತೋರಿಸಿ ವಾಪಸ್ ತರುವುದು ಸರಿಯಾದ ಕ್ರಮ.

ವಿಮೆಯ ಪಟ್ಟಿಯಲ್ಲಿ ಯಾರಿದ್ದಾರೆ

ಸವಲತ್ತುಗಳ ಭಾಗದಲ್ಲಿ ಒಂದು ಸಾಲು ಓದಿ ಹಳ್ಳಿಯ ಮನೆಗಳು ನೆಮ್ಮದಿಪಡುತ್ತವೆ: ಉದ್ಯೋಗಿ ಮತ್ತು ಅವಲಂಬಿತರಿಗೆ 3 ಲಕ್ಷದ ಆರೋಗ್ಯ ವಿಮೆ. ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಗೆ ದಾರಿಯಾಯಿತು ಎಂದು ಅಪ್ಪ ಅಂದುಕೊಳ್ಳುವುದು ಸಹಜ. ಏಕೆಂದರೆ ಆ ಮನೆಯಲ್ಲಿ ಮಗಳನ್ನು ಅವಲಂಬಿಸಿರುವವರು ಅವರಿಬ್ಬರೇ.

ವಿಮೆಯ ಕಾಗದದಲ್ಲಿ ಅವಲಂಬಿತರು ಯಾರೆಂಬುದಕ್ಕೆ ಬೇರೆ ವಿವರಣೆ ಇರುತ್ತದೆ. ಹಲವು ಗುಂಪು ವಿಮೆಗಳಲ್ಲಿ ಅದು ಸಂಗಾತಿ ಮತ್ತು ಇಬ್ಬರು ಮಕ್ಕಳಿಗೆ ನಿಲ್ಲುತ್ತದೆ. ಅಪ್ಪ ಅಮ್ಮನನ್ನು ಸೇರಿಸುವುದು ಐಚ್ಛಿಕ, ಕಂತು ಮಗಳ ಸಂಬಳದಿಂದಲೇ ಕಡಿತ. ಸೇರಿಸಲು ಕೆಲಸಕ್ಕೆ ಸೇರಿದ ಕೆಲವೇ ವಾರಗಳ ಗಡುವು ಕೊಡುತ್ತಾರೆ, ತಪ್ಪಿದರೆ ಮುಂದಿನ ನವೀಕರಣದವರೆಗೆ ಕಾಯಬೇಕು. ಹೊಸ ಕಚೇರಿಯ ಗಡಿಬಿಡಿಯಲ್ಲಿ ಆ ಇಮೇಲ್ ನೋಡದೆ ಬಿಡುವವರು ಬಹಳ.

ಸೇರಿಸುವ ಮುನ್ನ ಮೂರು ವಿಷಯ ವಿಚಾರಿಸಿದರೆ ಸಾಕು. ಮೊದಲೇ ಇರುವ ಕಾಯಿಲೆಗಳಿಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವಿಗೆ, ಮೊದಲ ದಿನದಿಂದಲೇ ರಕ್ಷಣೆ ಇದೆಯೇ? ಬಿಲ್ಲಿನಲ್ಲಿ ಒಂದು ಪಾಲನ್ನು ನಾವೇ ಭರಿಸಬೇಕೆಂಬ ಕೋ-ಪೇ ಷರತ್ತು ಇದೆಯೇ? ಅದು ಶೇ. 20 ಇದ್ದರೆ 2 ಲಕ್ಷದ ಬಿಲ್ಲಿಗೆ 40,000 ಕೈಯಿಂದ ಹೋಗುತ್ತದೆ. ಮೂರನೆಯದು, ಹಣ ಕಟ್ಟದೆ ದಾಖಲಾಗಬಹುದಾದ ಆಸ್ಪತ್ರೆ ಊರಿನ ಹತ್ತಿರ ಎಲ್ಲಿದೆ? ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಒಂದು ಹೆಸರು ಗೊತ್ತಿದ್ದರೆ ತುರ್ತಿನಲ್ಲಿ ಆಸರೆಯಾಗುತ್ತದೆ.

ಈ ವಿಮೆ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಒಂದು ಕೆಲಸ ಬಿಟ್ಟು ಇನ್ನೊಂದು ಸೇರುವ ನಡುವಿನ ವಾರಗಳಲ್ಲಿ ಮನೆಯವರಿಗೆ ರಕ್ಷಣೆ ಇರುವುದಿಲ್ಲ. ಹಾಗಾಗಿ ಅಪ್ಪ ಅಮ್ಮನ ಹೆಸರಿನಲ್ಲಿ ಈಗಾಗಲೇ ಇರುವ ಸರ್ಕಾರಿ ಯೋಜನೆಯ ಕಾರ್ಡನ್ನು ಅಥವಾ ಸ್ವಂತ ಪಾಲಿಸಿಯನ್ನು, ಮಗಳಿಗೆ ಕೆಲಸ ಸಿಕ್ಕಿತೆಂದು ಕೈಬಿಡಬಾರದು.

ಕಡಿಮೆ ಸಂಬಳದ ಪತ್ರಗಳಲ್ಲಿ ಚಿತ್ರ ಬೇರೆ. ವೇತನ ತಿಂಗಳಿಗೆ 21,000 ಅಥವಾ ಅದಕ್ಕಿಂತ ಕಡಿಮೆ ಇದ್ದು, ಸಂಸ್ಥೆ ಇಎಸ್ಐ ವ್ಯಾಪ್ತಿಯಲ್ಲಿದ್ದರೆ ಉದ್ಯೋಗಿಯಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ ಹೋಗುತ್ತದೆ. 18,000 ವೇತನಕ್ಕೆ ಮಗಳ ಪಾಲು 135 ರೂಪಾಯಿ. ಇಎಸ್ಐ ಕಾನೂನಿನ ಕುಟುಂಬದ ವ್ಯಾಖ್ಯೆಯಲ್ಲಿ ಅವಲಂಬಿತ ತಂದೆ ತಾಯಿಯೂ ಇದ್ದಾರೆ. ಆ 135 ರೂಪಾಯಿಯ ಕಡಿತ ನೋಡಿ ಬೇಸರಪಡುವ ಮನೆಗಳು ಅಪ್ಪ ಅಮ್ಮನ ಹೆಸರು ಸೇರಿಸಿ ಕಾರ್ಡ್ ಮಾಡಿಸಿಕೊಂಡರೆ ಅದರ ಉಪಯೋಗ ದೊಡ್ಡದು.

ಸವಲತ್ತುಗಳಲ್ಲಿ ಕಾನೂನು ಕೊಟ್ಟದ್ದು ಯಾವುದು, ಕಂಪನಿ ತಾನಾಗಿ ಕೊಡುತ್ತಿರುವುದು ಯಾವುದು ಎಂದೂ ಬೇರ್ಪಡಿಸಿ ಹೇಳಬೇಕು. ಊಟದ ಕೂಪನ್, ಕ್ಯಾಬ್, ಗುಂಪು ವಿಮೆಯ ಮೊತ್ತ ಕಂಪನಿಯ ನೀತಿಯಂತೆ ಕಾಲಕಾಲಕ್ಕೆ ಬದಲಾಗಬಹುದು ಎಂದು ಪತ್ರವೇ ಹೇಳುತ್ತದೆ. ಭವಿಷ್ಯನಿಧಿ, ಗ್ರಾಚ್ಯುಟಿ, ಹೆರಿಗೆ ರಜೆ ಹಾಗಲ್ಲ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ ಮಹಿಳೆಗೆ ಮೊದಲ ಎರಡು ಮಕ್ಕಳವರೆಗೆ 26 ವಾರ ವೇತನ ಸಹಿತ ಹೆರಿಗೆ ರಜೆ ಕಾನೂನಿನ ಹಕ್ಕು. ಪತ್ರದಲ್ಲಿ ಅದರ ಪ್ರಸ್ತಾಪ ಇಲ್ಲದಿದ್ದರೂ ಹಕ್ಕು ಇದ್ದೇ ಇರುತ್ತದೆ.

ಒಪ್ಪಿಗೆ ಕಳಿಸುವ ಮುನ್ನ

ಆಫರ್ ಲೆಟರಿಗೆ ಉತ್ತರಿಸಲು ಕೆಲವೇ ದಿನಗಳ ಗಡುವು ಇರುತ್ತದೆ. ಇಮೇಲಿನಲ್ಲಿ ಒಪ್ಪಿದ್ದೇನೆ ಎಂದು ಬರೆದರೂ ಅದು ಒಪ್ಪಿಗೆಯೇ, ಕಾಗದದ ಮೇಲೆ ಸಹಿ ಬೀಳುವವರೆಗೆ ಏನೂ ಆಗಿಲ್ಲ ಎಂದುಕೊಳ್ಳಬಾರದು. ಹಾಗಾಗಿ ಪ್ರಶ್ನೆಗಳನ್ನು ಒಪ್ಪಿಗೆಗೆ ಮೊದಲೇ, ಕಂಪನಿಯ ಎಚ್‌ಆರ್ ವಿಭಾಗಕ್ಕೆ ಇಮೇಲಿನಲ್ಲಿ ಕಳಿಸಬೇಕು. ಫೋನಿನಲ್ಲಿ ಸಿಕ್ಕ ಉತ್ತರ ಎರಡು ವರ್ಷದ ನಂತರ ಯಾರ ನೆನಪಿನಲ್ಲೂ ಇರುವುದಿಲ್ಲ. ಪ್ರಶ್ನೆ ಕೇಳಿದರೆ ಕೆಲಸ ತಪ್ಪೀತೆಂಬ ಅಳುಕು ಬೇಡ. ಸಂಬಳದ ವಿಂಗಡಣೆ ಕೇಳುವುದು ಎಚ್‌ಆರ್‌ನವರಿಗೆ ದಿನನಿತ್ಯದ ವಿಚಾರಣೆ.

"ಒಪ್ಪಿಗಿ ಕಳಸಾಕ ಅವಸರ ಮಾಡಬ್ಯಾಡವ್ವಾ, ಮೊದಲ ಕೇಳಿ ನೋಡು" ಎಂದು ಅಪ್ಪನೇ ಹೇಳುವಂತಾದರೆ ಓದಿ ಹೇಳಿದ್ದು ಸಾರ್ಥಕ.

ಕೇಳಬೇಕಾದದ್ದು ಇಷ್ಟೇ. ಎಲ್ಲ ಕಡಿತ ಕಳೆದು ಪ್ರತಿ ತಿಂಗಳು ಬ್ಯಾಂಕಿಗೆ ಜಮೆಯಾಗುವ ಮೊತ್ತ ಎಷ್ಟು? ನೋಟಿಸ್ ಅವಧಿಯ ಬದಲು ಹಣ ಕಟ್ಟಿ ಬಿಡಬಹುದೇ, ಅದನ್ನು ಮೂಲ ವೇತನದ ಮೇಲೆ ಎಣಿಸುತ್ತಾರೋ ಒಟ್ಟು ಸಂಬಳದ ಮೇಲೋ? ವಿಮೆಯಲ್ಲಿ ತಂದೆ ತಾಯಿ ಸೇರಿದ್ದಾರೆಯೇ, ಇಲ್ಲವಾದರೆ ಸೇರಿಸಲು ಕಂತು ಮತ್ತು ಗಡುವು ಏನು? ಬಾಂಡ್ ಇದ್ದರೆ ಅದರ ಪೂರ್ತಿ ಪ್ರತಿಯನ್ನು ಸೇರುವ ದಿನಕ್ಕೆ ಮೊದಲೇ ತರಿಸಿಕೊಂಡು, ಊರಿನ ವಕೀಲರೊಬ್ಬರಿಗೆ ತೋರಿಸಬೇಕು. ಅಪ್ಪ ಅಮ್ಮಂದಿರು ಅದರ ಹಾಳೆಯಲ್ಲಿ ಜಾಮೀನುದಾರರ ಜಾಗಕ್ಕೆ ಸಹಿ ಹಾಕುವುದು ಆಮೇಲಿನ ಮಾತಾಗಲಿ.